ಒಂದೇ ಪತ್ರದಲ್ಲಿ ಏಳು ‘ಇಲ್ಲಿ ಕ್ಲಿಕ್ ಮಾಡಿ’: ಸಂಘದ ಇಮೇಲ್ ಸರಿಮಾಡುವುದು ಹೇಗೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ತಾಲೂಕಿನ ಒಂದು ಸಣ್ಣ ಅಡಿಕೆ ಬೆಳೆಗಾರರ ಸಂಘಕ್ಕೆ ನಾನು ಕಾರ್ಯದರ್ಶಿ. ತಿಂಗಳಿಗೊಂದು ಇಮೇಲ್ ಸುಮಾರು 140 ಸದಸ್ಯರಿಗೆ ಕಳಿಸುತ್ತೇವೆ. ಮಳೆ ಹಿಡಿಯುವ ಮುಂಚೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದಿರುತ್ತದಲ್ಲ, ಅದರ ತರಬೇತಿಗೆ ಹೆಸರು ಕೊಡಿ ಅಂತ ಈ ಸಲ ಬರೆದಿದ್ದೆವು.

ಮೇಲ್ ಹೋದ ಮಾರನೇ ದಿನ ನಮ್ಮ ಹಿರಿಯ ಸದಸ್ಯರೊಬ್ಬರು ಫೋನ್ ಮಾಡಿದರು. ಅವರಿಗೆ ಐದಾರು ವರ್ಷದಿಂದ ಕಣ್ಣು ಪೂರ್ತಿ ಕಾಣುವುದಿಲ್ಲ. ತೋಟದ ಲೆಕ್ಕ, ಬ್ಯಾಂಕು, ಪತ್ರ ಎಲ್ಲ ಫೋನ್ ಓದಿ ಹೇಳಿದ್ದನ್ನು ಕೇಳಿಕೊಂಡೇ ನಡೆಸುತ್ತಾರೆ. "ಮಾರಾಯ್ರೆ, ನಿಮ್ಮ ಪತ್ರದಲ್ಲಿ ಏಳು ಸಲ ‘ಇಲ್ಲಿ ಕ್ಲಿಕ್ ಮಾಡಿ’ ಅಂತದೆ. ಯಾವುದನ್ನ ಒತ್ತಲಿ? ಮೂರು ಒತ್ತಿದೆ. ಒಂದು ಹಳೇ ಸಭೆಯ ನಡಾವಳಿ, ಒಂದು ಮ್ಯಾಪು, ಇನ್ನೊಂದು ವಾಟ್ಸಾಪು. ತರಬೇತಿ ಯಾವತ್ತು, ಎಲ್ಲಿ ಅನ್ನೋದೇ ಪತ್ರದಲ್ಲಿಲ್ಲ" ಅಂದರು.

ತರಬೇತಿಯ ದಿನ, ಜಾಗ ಪತ್ರದಲ್ಲಿತ್ತು, ಆದರೆ ಫೋಟೋದೊಳಗೆ. ನಮ್ಮ ಆಫೀಸಿನಲ್ಲಿ ನೋಟಿಸನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತಾರೆ. ಅದನ್ನು ಕಾಪಿ ಮಾಡಿ ಮೇಲ್‌ಗೆ ಹಾಕಿದರೆ ಫೋನ್‌ನಲ್ಲಿ ಅಕ್ಷರವೆಲ್ಲ ಕೆಟ್ಟು ಬರುತ್ತದೆ. ಹಾಗಾಗಿ ನೋಟಿಸಿನ ಚಿತ್ರವನ್ನೇ ಅಂಟಿಸುವುದು ರೂಢಿಯಾಗಿಬಿಟ್ಟಿದೆ. ಕೆಳಗೆ ಬಣ್ಣದ ಅಕ್ಷರದಲ್ಲಿ ನಡುವಿಗೆ ಕೂರಿಸಿದ ನಾಲ್ಕು ಸಾಲು, ಮತ್ತೆ ಈ ಏಳು ಲಿಂಕ್.

ಅವರ ಮಾತು ಕೇಳಿ ನನಗೆ ಬಹಳ ಬೇಸರವಾಯಿತು. ಅವರಂಥವರಿಗೂ, ಸಣ್ಣ ಫೋನ್ ಇರುವವರಿಗೂ ಸಲೀಸಾಗುವ ಹಾಗೆ ಮುಂದಿನ ಪತ್ರ ಬರೆಯಬೇಕು. ಎಲ್ಲಿಂದ ಶುರು ಮಾಡಲಿ?

ಸೋನೆಮಳೆ

ಸರ್, ಇದು ತುಂಬ ಸುಲಭ. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಅಕ್ಷರದ ಗಾತ್ರ ದೊಡ್ಡದು ಮಾಡಿಕೊಡಿ. ನಮ್ಮ ಅಪ್ಪನಿಗೆ ಹಾಗೇ ಮಾಡಿಕೊಟ್ಟಿದ್ದೇನೆ, ಈಗ ಕನ್ನಡಕ ಇಲ್ಲದೆ ಓದುತ್ತಾರೆ. ಪರದೆ ಮೇಲೆ ಮೂರು ಸಲ ತಟ್ಟಿದರೆ ಹಿಗ್ಗುವ ಹಾಗೂ ಮಾಡಬಹುದು.

ಹೊಸನಗರದ ಮೇಷ್ಟ್ರು

ಸೋನೆಮಳೆಯವರೇ, ಮಂದವಾಗಿ ಕಾಣುವವರಿಗೆ ನೀವು ಹೇಳಿದ್ದು ಸರಿ. ತುಂಗಾತೀರ ಹೇಳುತ್ತಿರುವ ಹಿರಿಯರಿಗೆ ಏನೂ ಕಾಣುವುದಿಲ್ಲ. ನನಗೂ ಅಷ್ಟೆ. ಅಕ್ಷರ ಎಷ್ಟು ದೊಡ್ಡದಾದರೂ ನಮಗೆ ವ್ಯತ್ಯಾಸವಿಲ್ಲ. ಪತ್ರ ಬರೆದವರು ಏನು ಬರೆದಿದ್ದಾರೋ ಅದು ಕಿವಿಗೆ ಯಾವ ಅನುಕ್ರಮದಲ್ಲಿ ಬೀಳುತ್ತದೆ ಅನ್ನುವುದೇ ಮುಖ್ಯ.

ನಾನು ಮೇಲ್ ಓದುವ ಕ್ರಮ ಹೇಳುತ್ತೇನೆ. ಆಂಡ್ರಾಯ್ಡ್ ಫೋನಿನಲ್ಲಿ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಇದೆ. ಬಲಕ್ಕೆ ಬೆರಳು ಎಳೆದರೆ ಮುಂದಿನ ತುಂಡು ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಉದ್ದದ ಪತ್ರವಾದರೆ ಅಷ್ಟೂ ಕೇಳಿಕೊಂಡು ಕೂರುವುದಿಲ್ಲ. ಮೂರು ಬೆರಳಲ್ಲಿ ಎಳೆದು ‘ಲಿಂಕ್‌ಗಳು’ ಅಂತ ಆರಿಸಿಕೊಂಡರೆ, ಆಮೇಲೆ ಒಂದು ಬೆರಳಲ್ಲಿ ಕೆಳಕ್ಕೆ ಎಳೆದ ಹಾಗೆಲ್ಲ ನಡುವಿನ ಮಾತು ಬಿಟ್ಟು ಲಿಂಕ್‌ನಿಂದ ಲಿಂಕ್‌ಗೆ ಹಾರುತ್ತದೆ. ಕಂಪ್ಯೂಟರಿನಲ್ಲಿ ಅದೇ ಕೆಲಸ ಮಾಡುವ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಬಳಸುವಾಗ `Insert+F7` ಒತ್ತಿದರೆ ಪುಟದ ಲಿಂಕ್‌ಗಳೆಲ್ಲ ಒಂದು ಪಟ್ಟಿಯಾಗಿ ಬರುತ್ತವೆ.

ಹಾರುವಾಗ ಲಿಂಕ್‌ನ ಹಿಂದೆ ಮುಂದೆ ಏನು ಬರೆದಿದೆ ಅನ್ನುವುದು ಕಿವಿಗೆ ಬೀಳುವುದಿಲ್ಲ. ನೀಲಿ ಅಕ್ಷರ ಎಷ್ಟಿದೆಯೋ ಅಷ್ಟೇ. ನಿಮ್ಮ ಪತ್ರ ನನಗೆ ಬಂದಿದ್ದರೆ ಕೇಳಿಸುತ್ತಿದ್ದುದು ಹೀಗೆ: "ಇಲ್ಲಿ ಕ್ಲಿಕ್ ಮಾಡಿ, ಲಿಂಕ್. ಇಲ್ಲಿ ಕ್ಲಿಕ್ ಮಾಡಿ, ಲಿಂಕ್. ಇಲ್ಲಿ ಕ್ಲಿಕ್ ಮಾಡಿ, ಲಿಂಕ್." ಒಂದೇ ಬಣ್ಣದ ಏಳು ಬಾಗಿಲು, ಒಂದರ ಮೇಲೂ ಹೆಸರಿಲ್ಲ.

ಹಾಗಾಗಿ ಮೊದಲ ಕೆಲಸ ಇದು. ಲಿಂಕ್‌ನ ಮಾತನ್ನು ಮಾತ್ರ ಬಿಡಿಸಿ ಒಂದು ಚೀಟಿಯಲ್ಲಿ ಬರೆದು, ಪತ್ರ ಓದದ ಯಾರಿಗಾದರೂ ಕೊಡಿ. ಯಾವುದು ಎಲ್ಲಿಗೆ ಹೋಗುತ್ತದೆ ಅಂತ ಅವರು ಹೇಳಿಬಿಟ್ಟರೆ ಸರಿಯಿದೆ ಅಂತ ಲೆಕ್ಕ. ‘ಇಲ್ಲಿ’ ತೆಗೆದು ‘ಬೋರ್ಡೋ ತರಬೇತಿಗೆ ಹೆಸರು ಕೊಡುವ ಫಾರಂ’ ಅಂತ ಬರೆದರೆ ಆಯಿತು. ‘ಕ್ಲಿಕ್ ಮಾಡಿ’ ಅನ್ನುವುದೂ ಬೇಡ. ಅದು ಲಿಂಕ್ ಅಂತ ಟಾಕ್‌ಬ್ಯಾಕೇ ಹೇಳುತ್ತದೆ.

ಸಾಗರದ ಹುಡುಗ

ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ಮನೆಯಿಂದಲೇ. ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದೇ ಬೇಡ ಸರ್. ಜಿಮೇಲ್‌ನಲ್ಲಿ ಬರೆಯುವ ಕಿಟಕಿಯ ಕೆಳಗೆ ಮೂರು ಚುಕ್ಕಿ ಇದೆ, ಅದರಲ್ಲಿ `Plain text mode` ಹಾಕಿಬಿಡಿ. ಬಣ್ಣ, ಚಿತ್ರ, ಟೇಬಲ್ ಯಾವುದೂ ಇರಲ್ಲ. ಬರೀ ಅಕ್ಷರ. ಎಲ್ಲ ಫೋನಲ್ಲೂ ಒಂದೇ ಥರ ಕಾಣತ್ತೆ, ಎಲ್ಲ ಸ್ಕ್ರೀನ್ ರೀಡರೂ ಓದತ್ತೆ. ಕಷ್ಟ ಅಲ್ಲಿಗೆ ಮುಗಿಯಿತು.

ಹೊಸನಗರದ ಮೇಷ್ಟ್ರು

ಅರ್ಧ ಒಪ್ಪುತ್ತೇನೆ. ಬಣ್ಣ, ಚಿತ್ರ ಹೋದದ್ದು ಒಳ್ಳೆಯದೇ. ಆದರೆ ಬರೀ ಅಕ್ಷರದ ಪತ್ರದಲ್ಲಿ ಲಿಂಕ್‌ಗೆ ಹೆಸರಿಡಲು ಬರುವುದಿಲ್ಲ, ವಿಳಾಸವನ್ನೇ ಪೂರ್ತಿ ಅಂಟಿಸಬೇಕು. ಅದು ಕಿವಿಗೆ ಹೇಗಿರುತ್ತದೆ ಅನ್ನುವುದನ್ನು ಕನ್ನಡದವರು ವಿಶೇಷವಾಗಿ ತಿಳಿಯಬೇಕು. ಕನ್ನಡ ವಿಕಿಪೀಡಿಯದಲ್ಲಿ ಶಿವಮೊಗ್ಗದ ಪುಟ ತೆರೆದು, ಮೇಲಿನ ವಿಳಾಸ ಕಾಪಿ ಮಾಡಿ ಮೇಲ್‌ನಲ್ಲಿ ಅಂಟಿಸಿ ನೋಡಿ. ಹೀಗೆ ಬರುತ್ತದೆ:

```
https://kn.wikipedia.org/wiki/%E0%B2%B6%E0%B2%BF%E0%B2%B5%E0%B2%AE%E0%B3%8A%E0%B2%97%E0%B3%8D%E0%B2%97
```

ಕೊನೆಯ ಆ ಸರಪಳಿಯೇ ‘ಶಿವಮೊಗ್ಗ’. ಗುಣಿತದ ಚಿಹ್ನೆ, ಅರ್ಧಾಕ್ಷರದ ಚಿಹ್ನೆ ಬೇರೆ ಬೇರೆ ಎಣಿಸಿದರೆ ಕಂಪ್ಯೂಟರಿನ ಲೆಕ್ಕಕ್ಕೆ ಅದು 8 ಅಕ್ಷರ. ವಿಳಾಸದಲ್ಲಿ ಪ್ರತಿಯೊಂದೂ `%E0%B2%B6` ಥರ 9 ಅಕ್ಷರವಾಗಿ ಬಿಚ್ಚಿಕೊಳ್ಳುತ್ತದೆ. ಒಟ್ಟು 72. ಟಾಕ್‌ಬ್ಯಾಕ್ ಇದನ್ನು "ಪರ್ಸೆಂಟ್ ಇ ಝೀರೋ ಪರ್ಸೆಂಟ್ ಬಿ ಟೂ" ಅಂತ ಕೊನೆ ತನಕ ಹೇಳುತ್ತದೆ. ಊರ ಹೆಸರು ಒಂದು ಸಲವೂ ಕಿವಿಗೆ ಬೀಳುವುದಿಲ್ಲ.

ಆದ್ದರಿಂದ ಸರಳ ಅಂದರೆ ಬರೀ ಅಕ್ಷರ ಅಂತ ಅಲ್ಲ. ಸಾದಾ ಪ್ಯಾರಾ, ಸಾದಾ ಸಾಲು, ಹೆಸರಿರುವ ಲಿಂಕ್ ಇಷ್ಟು ಇರಬೇಕು. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಮೊದಲು ಮಾತು ಬರೆದು, ಅದನ್ನು ಆಯ್ದು `Ctrl+K` ಒತ್ತಿದರೆ ವಿಳಾಸ ಕೇಳುತ್ತದೆ. ಬೇರೆ ಕಡೆಯಿಂದ ತಂದ ಮಾತಿಗೆ ಬಣ್ಣ, ಫಾಂಟ್ ಅಂಟಿಕೊಂಡು ಬಂದಿದ್ದರೆ ಆಯ್ದುಕೊಂಡು `Ctrl+\` ಒತ್ತಿ, ತೊಳೆದ ಹಾಗೆ ಆಗುತ್ತದೆ. ಆದರೆ ತೊಳೆಯುವುದು ಮೊದಲು, ಲಿಂಕ್ ಹಾಕುವುದು ಆಮೇಲೆ.

ಸಾಗರದ ಹುಡುಗ

ಹೌದು ಸರ್, ಕನ್ನಡ ವಿಳಾಸ ಹೀಗೆ ಬಿಚ್ಚಿಕೊಳ್ಳತ್ತೆ ಅನ್ನೋದು ಗೊತ್ತಿತ್ತು, ಕಿವಿಯಲ್ಲಿ ಕೇಳಿದವರ ಕಡೆಯಿಂದ ಯೋಚಿಸಿರಲಿಲ್ಲ. ಒಂದು ಮಾತು ಸೇರಿಸ್ತೀನಿ. ನಾವು ಲಿಂಕ್‌ಗೆ ಹೆಸರಿಟ್ಟು ಕಳಿಸಿದಾಗ ಜಿಮೇಲ್ ತಾನಾಗಿಯೇ ಬರೀ ಅಕ್ಷರದ ಪ್ರತಿಯೊಂದನ್ನೂ ಅದೇ ಪತ್ರದ ಜೊತೆ ಕಟ್ಟಿ ಕಳಿಸತ್ತೆ. ಹಳೇ ಫೋನಿನ ಮೇಲ್ ಆ್ಯಪ್ ಅದನ್ನ ತೋರಿಸಿದರೆ ಲಿಂಕ್‌ನ ಹೆಸರು, ಪಕ್ಕದಲ್ಲೇ ವಿಳಾಸ ಎರಡೂ ಕಾಣತ್ತೆ. ಹಾಗಾಗಿ ಅಂಥವರನ್ನ ಬಿಟ್ಟುಬಿಟ್ಟ ಹಾಗೆ ಆಗಲ್ಲ.

ಅಬ್ಬಲಿಗೆ

ನನ್ನದು ಕಣ್ಣಿನ ವಿಷಯ ಅಲ್ಲ, ಆದರೂ ಹೇಳುತ್ತೇನೆ. ನಾವು ಆಗುಂಬೆ ಘಾಟಿನ ಈಚೆ ಇರುವುದು. ಮನೆಯಲ್ಲಿ ಸಿಗ್ನಲ್ ಇಲ್ಲ, ಅಂಗಳದ ಮೂಲೆಗೆ ಬಂದು ನಿಂತರೆ ಒಂದು ಕಡ್ಡಿ ಬರುತ್ತದೆ. ಮಗಳ ಶಾಲೆಯಿಂದ ಬರುವ ಮೇಲ್ ಪೂರ್ತಿ ಚಿತ್ರ. ತೆರೆದರೆ ಬಿಳಿ ಚೌಕ ಸುತ್ತುತ್ತಾ ಇರುತ್ತದೆ. ಮಳೆಯಲ್ಲಿ ಕೊಡೆ ಹಿಡಿದು ಕಾಯಬೇಕು. ಪರೀಕ್ಷೆ ಯಾವತ್ತು ಅನ್ನುವ ಒಂದು ಸಾಲಿಗೆ ಇಷ್ಟು.

ಇನ್ನೊಂದು, ಟೇಬಲ್. ಸಹಕಾರಿ ಸೊಸೈಟಿಯೊಂದರಿಂದ ಎಕ್ಸೆಲ್‌ನಿಂದ ತಂದು ಅಂಟಿಸಿದ ಆರು ಕಂಬದ ಟೇಬಲ್ ಬರುತ್ತದೆ. ನನ್ನ ಫೋನಿನ ಪರದೆ ಸಣ್ಣದು. ಅಗಲದ ಟೇಬಲ್ ಇದ್ದರೆ ಜಿಮೇಲ್ ಇಡೀ ಪತ್ರವನ್ನೇ ಪರದೆಗೆ ಹಿಡಿಯುವ ಹಾಗೆ ಕುಗ್ಗಿಸಿಬಿಡುತ್ತದೆ. ಟೇಬಲ್ ಮಾತ್ರ ಅಲ್ಲ, ಮೇಲಿನ ‘ನಮಸ್ಕಾರ’ವೂ ಸಾಸಿವೆ ಕಾಳಾಗುತ್ತದೆ. ಹಿಗ್ಗಿಸಿದರೆ ಸಾಲು ಪರದೆಯಿಂದ ಆಚೆ ಹೋಗುತ್ತದೆ, ಒಂದು ಸಾಲು ಓದುವುದಕ್ಕೆ ಎಡಕ್ಕೆ ಬಲಕ್ಕೆ ಎಳೆಯುತ್ತಾ ಇರಬೇಕು. ಅತ್ತೆಯ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಟ್ಟಿದ್ದೇವೆ, ಅವರಿಗಂತೂ ಇನ್ನೂ ಕಷ್ಟ.

ಸಾಗರದ ಹುಡುಗ

ಅಕ್ಕ, ಆ ಕುಗ್ಗಿಸುವುದು ಜಿಮೇಲ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿರುವ `Auto-fit messages` ಅನ್ನೋದರಿಂದ. ತೆಗೆದುಹಾಕಿದರೆ ಅಕ್ಷರ ಕುಗ್ಗಲ್ಲ, ಆದರೆ ಪಕ್ಕಕ್ಕೆ ಎಳೆಯುವುದು ತಪ್ಪಲ್ಲ. ಕಳಿಸುವವರೇ ಟೇಬಲ್ ಬಿಡಬೇಕು, ಬೇರೆ ದಾರಿ ಇಲ್ಲ.

ಅಚ್ಚುಮೊಳೆ

ಶಿವಮೊಗ್ಗದಲ್ಲಿ ಡಿಟಿಪಿ ಅಂಗಡಿ ನನ್ನದು. ನೋಟಿಸಿನ ಫೋಟೋ ಅಂಟಿಸುವ ಅಭ್ಯಾಸ ಯಾಕೆ ಬಂತು ಅನ್ನುವುದನ್ನು ತುಂಗಾತೀರ ಅವರು ಸರಿಯಾಗಿಯೇ ಗುರುತಿಸಿದ್ದಾರೆ. ಬೇರು ಅಲ್ಲಿದೆ, ಅದನ್ನು ಸರಿಮಾಡದೆ ಲಿಂಕ್ ಒಂದನ್ನೇ ತಿದ್ದಿದರೆ ಪ್ರಯೋಜನವಿಲ್ಲ.

ನುಡಿಯಲ್ಲಿ ಎರಡು ಥರ ಟೈಪ್ ಮಾಡಬಹುದು. ಹಳೇ ಪದ್ಧತಿಯಲ್ಲಿ ಫೈಲಿನ ಒಳಗೆ ಇರುವುದು ಕನ್ನಡವೇ ಅಲ್ಲ, ಇಂಗ್ಲಿಷಿನ ಮತ್ತು ಯುರೋಪಿನ ಅಕ್ಷರಗಳು. ನುಡಿ ಫಾಂಟ್ ಅವಕ್ಕೆ ಕನ್ನಡದ ಆಕಾರ ತೊಡಿಸುತ್ತದೆ, ಅಷ್ಟೆ. ನಿಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಫಾಂಟ್ ಇದೆ, ಚೆನ್ನಾಗಿ ಕಾಣುತ್ತದೆ. ಸದಸ್ಯರ ಫೋನಿನಲ್ಲಿ ಇಲ್ಲ, ವೇಷ ಕಳಚುತ್ತದೆ. ಯುನಿಕೋಡ್‌ನಲ್ಲಿ ಟೈಪ್ ಮಾಡಿದರೆ ಒಳಗಿರುವುದೇ ಕನ್ನಡ, ಎಲ್ಲಿ ಹೋದರೂ ಕನ್ನಡ. ಸ್ಕ್ರೀನ್ ರೀಡರ್ ನೋಡುವುದು ಒಳಗಿನದನ್ನು, ಆಕಾರವನ್ನಲ್ಲ.

ಯಾವುದರಲ್ಲಿದೆ ಅಂತ ತಿಳಿಯಲು ಮಾತನ್ನು ಆಯ್ದು ಫಾಂಟನ್ನು `Arial` ಮಾಡಿ. ಕನ್ನಡವಾಗಿಯೇ ಉಳಿದರೆ ಯುನಿಕೋಡ್. `PÀ£ÀßqÀ` ಅಂತ ಆದರೆ ಹಳೇದು. ಆ ಗೀಚುಗಳ ಮೂಲ ಪದ ‘ಕನ್ನಡ’. ಹಳೆಯ ಫೈಲುಗಳನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಸಿಗುತ್ತವೆ, ಆದರೆ ಅರ್ಕಾವೊತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿಕೊಳ್ಳಿ. ಕಾರ್ಯದರ್ಶಿ, ವಾರ್ಷಿಕ, ಖರ್ಚು ಇವೆಲ್ಲ ಬದಲಾಗುವಾಗ ಕೆಡುವ ಜಾತಿ. ಹೊಸ ನೋಟಿಸನ್ನು ನೇರ ಯುನಿಕೋಡ್‌ನಲ್ಲೇ ಹೊಡೆಸಿ. ಕೀಲಿಮಣೆ ಅದೇ ಇರುತ್ತದೆ, ಟೈಪಿಸ್ಟ್ ಹೊಸದಾಗಿ ಕಲಿಯುವುದು ಏನೂ ಇಲ್ಲ.

ಹೊಸನಗರದ ಮೇಷ್ಟ್ರು

ಅಚ್ಚುಮೊಳೆಯವರು ಹೇಳಿದ್ದಕ್ಕೆ ಒಂದು ಜೋಡಿಸಬೇಕು, ಯಾಕೆಂದರೆ ನೋಡುವ ಕಣ್ಣಿಗೆ ಇದು ಸಿಗುವುದೇ ಇಲ್ಲ. ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ ಒತ್ತುವವರು ತುಂಬ ಜನ. `ಸಂಘ`, `ಸ೦ಘ` ಎರಡನ್ನೂ ನೋಡಿ. ನಿಮಗೆ ಒಂದೇ ಥರ ಕಾಣಬಹುದು. ಎರಡನೆಯದರಲ್ಲಿರುವುದು ಅಂಕಿ. ನನ್ನ ಫೋನ್ ಅದನ್ನು "ಸ, ಸೊನ್ನೆ, ಘ" ಅಂತ ಒಡೆದು ಓದುತ್ತದೆ. ಒಂದು ಪತ್ರದಲ್ಲಿ ಮೂವತ್ತು ಅನುಸ್ವಾರ ಇದ್ದರೆ ಮೂವತ್ತು ಸಲ ಸೊನ್ನೆ. ಪತ್ರ ಸಿದ್ಧವಾದ ಮೇಲೆ `Ctrl+F` ಒತ್ತಿ ಅಂಕಿ ಸೊನ್ನೆಯನ್ನು ಹುಡುಕಿ, ಪದದ ಮಧ್ಯೆ ಸಿಕ್ಕಿದರೆ ಬದಲಿಸಿ.

ತುಂಗಾತೀರ

ಎಲ್ಲರಿಗೂ ಧನ್ಯವಾದ. ನಮ್ಮ ಟೈಪಿಸ್ಟ್ ಅಕ್ಕ ಯುನಿಕೋಡ್‌ಗೆ ಬದಲಿಸಿಕೊಂಡರು, ನಿಜವಾಗಿಯೂ ಕೀಲಿ ಅವೇ. ಒಂದು ಕರಡು ಮಾಡಿದ್ದೇನೆ. ಲಿಂಕ್‌ಗಳನ್ನು ಹೀಗೆ ಬರೆದಿದ್ದೇನೆ, ನೋಡಿ ಹೇಳಿ:

> ಅಡಿಕೆ ಬೆಳೆಗಾರರ ಸಂಘದ ಬೋರ್ಡೋ ತರಬೇತಿ ನೋಂದಣಿ ಫಾರಂ
>
> ಅಡಿಕೆ ಬೆಳೆಗಾರರ ಸಂಘದ ತರಬೇತಿ ನಡೆಯುವ ಜಾಗದ ಮ್ಯಾಪ್
>
> ಅಡಿಕೆ ಬೆಳೆಗಾರರ ಸಂಘದ ಕಳೆದ ಸಭೆಯ ನಡಾವಳಿ

ಇನ್ನೂ ನಾಲ್ಕು ಹೀಗೇ ಇವೆ. ಪತ್ರದ ನಡುವೆ "ಹೆಸರನ್ನು ನೋಂದಣಿ ಫಾರಂನಲ್ಲಿ ಬರೆಯಿರಿ" ಅಂತ ಒಂದು ವಾಕ್ಯವಿದೆ, ಅಲ್ಲಿ ‘ನೋಂದಣಿ ಫಾರಂ’ ಅನ್ನುವಷ್ಟಕ್ಕೆ ಲಿಂಕ್ ಹಾಕಿದ್ದೇನೆ. ವಿಭಾಗ ಗೊತ್ತಾಗಲಿ ಅಂತ ನಡುನಡುವೆ ========= ಗೆರೆ, ತಲೆಬರಹಕ್ಕೆ ದಪ್ಪ ಅಕ್ಷರ.

ಹೊಸನಗರದ ಮೇಷ್ಟ್ರು

ಒಳ್ಳೆಯ ಕರಡು. ಮೂರು ಕಡೆ ತಿದ್ದಬೇಕು.

ಮೊದಲನೆಯದು. ನಾವು ಲಿಂಕ್ ಹಾರಿಸುವಾಗ ಮೊದಲ ಎರಡು ಪದ ಕೇಳಿ, ಇದಲ್ಲ ಅನ್ನಿಸಿದ ತಕ್ಷಣ ಮುಂದಕ್ಕೆ ಎಳೆಯುತ್ತೇವೆ. ನಿಮ್ಮ ಏಳೂ ಲಿಂಕ್ ‘ಅಡಿಕೆ ಬೆಳೆಗಾರರ ಸಂಘದ’ ಅಂತಲೇ ಶುರುವಾಗುತ್ತವೆ. ವ್ಯತ್ಯಾಸ ತಿಳಿಯಲು ಪ್ರತಿ ಸಲವೂ ನಾಲ್ಕನೇ ಪದದ ತನಕ ಕಾಯಬೇಕು. ಪತ್ರ ಸಂಘದ್ದು ಅಂತ ಗೊತ್ತೇ ಇದೆ. ‘ಬೋರ್ಡೋ ತರಬೇತಿಗೆ ಹೆಸರು ಕೊಡುವ ಫಾರಂ’, ‘ಮ್ಯಾಪ್: ಕೋಣಂದೂರಿನ ತರಬೇತಿ ಜಾಗ’, ‘ನಡಾವಳಿ: ಕಳೆದ ಸಭೆ’ ಅಂತ ಬೇರೆ ಬೇರೆ ಪದದಿಂದ ಶುರುಮಾಡಿ.

ಎರಡನೆಯದು ನಮ್ಮ ಭಾಷೆಗೇ ಸೇರಿದ ಕಷ್ಟ. ನಮ್ಮಲ್ಲಿ ವಿಭಕ್ತಿ ಪದಕ್ಕೆ ಅಂಟಿಕೊಳ್ಳುತ್ತದೆ. ಲಿಂಕ್ ಅನ್ನು ‘ಫಾರಂ’ಗೆ ನಿಲ್ಲಿಸಿದರೆ ‘ನಲ್ಲಿ’ ಆಚೆ ಉಳಿಯುತ್ತದೆ. ಟಾಕ್‌ಬ್ಯಾಕ್ ಅಲ್ಲಿ ಪದವನ್ನು ತುಂಡುಮಾಡಿ "ನೋಂದಣಿ ಫಾರಂ, ಲಿಂಕ್" ಅಂದು ನಿಲ್ಲುತ್ತದೆ. ಮತ್ತೆ ಬೆರಳು ಎಳೆದರೆ "ನಲ್ಲಿ ಬರೆಯಿರಿ" ಅನ್ನುತ್ತದೆ. ನೀರಿನ ನಲ್ಲಿಯಾ ಅಂತ ಒಂದು ಕ್ಷಣ ತಡವರಿಸುತ್ತೇನೆ. ವಿಭಕ್ತಿಯನ್ನೂ ಲಿಂಕ್ ಒಳಗೇ ಸೇರಿಸಿಕೊಳ್ಳಿ. ಮೊದಲ ಸಾಲು ನಿಮ್ಮದು, ಎರಡನೆಯದು ಇರಬೇಕಾದದ್ದು:

```html
ಹೆಸರನ್ನು <a href="...">ನೋಂದಣಿ ಫಾರಂ</a>ನಲ್ಲಿ ಬರೆಯಿರಿ
ಹೆಸರನ್ನು <a href="...">ನೋಂದಣಿ ಫಾರಂನಲ್ಲಿ</a> ಬರೆಯಿರಿ
```

ಇದಕ್ಕಿಂತಲೂ ಲಿಂಕ್ ಅನ್ನು ವಾಕ್ಯದಿಂದ ಹೊರಗೆ ತಂದು ಅದರದೇ ಸಾಲಿನಲ್ಲಿ ಕೂರಿಸುವುದು ಉತ್ತಮ. ಆಗ ವಿಭಕ್ತಿಯೂ ಬೇಡ. ಕೈ ನಡುಗುವವರಿಗೆ, ಅಬ್ಬಲಿಗೆಯವರ ಸಣ್ಣ ಪರದೆಗೆ, ಹೆಬ್ಬೆಟ್ಟಿನಿಂದ ಒತ್ತಲೂ ಜಾಗ ಸಿಗುತ್ತದೆ. ಎರಡು ಲಿಂಕ್ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಇದ್ದರೆ ಬೆರಳು ತಪ್ಪುವುದೇ ಹೆಚ್ಚು.

ಮೂರನೆಯದು, ಆ ಗೆರೆಗಳನ್ನು ತೆಗೆದು ಒಂದು ಖಾಲಿ ಸಾಲು ಬಿಡಿ. ಕೆಲವು ಫೋನ್‌ಗಳು ಗೆರೆಯನ್ನು "ಈಕ್ವಲ್ಸ್ ಈಕ್ವಲ್ಸ್" ಅಂತ ಓದುತ್ತವೆ. ದಪ್ಪ ಅಕ್ಷರ ಇರಲಿ, ನೋಡುವವರಿಗೆ ಅನುಕೂಲ. ಆದರೆ ನನ್ನ ಫೋನಿಗೆ ಅದು ತಲೆಬರಹ ಅಲ್ಲ. ಜಾಲತಾಣದಲ್ಲಿ ನಾನು ತಲೆಬರಹದಿಂದ ತಲೆಬರಹಕ್ಕೆ ಹಾರಬಲ್ಲೆ. ಜಿಮೇಲ್‌ನ ಬರೆಯುವ ಕಿಟಕಿಯಲ್ಲಿ ಅಕ್ಷರದ ಗಾತ್ರ ಬದಲಿಸುವ ಗುಂಡಿ ಇದೆ, ನಿಜವಾದ ತಲೆಬರಹದ ಗುಂಡಿ ಇಲ್ಲ. ಹಾಗಾಗಿ ಪತ್ರದಲ್ಲಿ ಏನೇನಿದೆ ಅನ್ನುವುದನ್ನು ಮೊದಲ ಸಾಲಿನಲ್ಲೇ ಹೇಳಿಬಿಡಿ.

ಇನ್ನೊಂದು ಕೇಳಲೇ? ಏಳು ಲಿಂಕ್ ಯಾಕೆ ಬೇಕು?

ನಿವೃತ್ತ ಮ್ಯಾನೇಜರ್

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನನ್ನದೊಂದು ತಕರಾರಿದೆ. ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ಇದ್ದವನು. ನೀಲಿ ಅಕ್ಷರದ ಮೇಲೆ ಒತ್ತಬೇಡಿ, ವಿಳಾಸ ನೋಡದೆ ಎಲ್ಲಿಗೂ ಹೋಗಬೇಡಿ ಅಂತ ಗ್ರಾಹಕರಿಗೆ ಹೇಳಿ ಹೇಳಿ ಬಾಯಿ ಒಣಗಿದೆ. ಈಗ ನೀವು ವಿಳಾಸ ಮುಚ್ಚಿ ಅದರ ಮೇಲೆ ಚಂದದ ಹೆಸರು ಬರೆಯಿರಿ ಅನ್ನುತ್ತಿದ್ದೀರಿ. ಮೋಸ ಮಾಡುವವನೂ ಇದನ್ನೇ ಮಾಡುವುದು. ‘ನಿಮ್ಮ ಪಾಸ್‌ಬುಕ್ ವಿವರ’ ಅಂತ ಮೇಲೆ ಬರೆದು ಒಳಗೆ ಬೇರೆ ವಿಳಾಸ ಇಟ್ಟಿರುತ್ತಾನೆ. ನಮ್ಮ ಊರಿನ ಹಿರಿಯರಿಗೆ ವಿಳಾಸ ಕಣ್ಣಿಗೆ ಬೀಳುವ ಹಾಗೆ ಇರಬೇಕು ಅನ್ನುವುದು ನನ್ನ ಅಭಿಪ್ರಾಯ.

ಹೊಸನಗರದ ಮೇಷ್ಟ್ರು

ಸರ್, ನಿಮ್ಮ ಆತಂಕ ನ್ಯಾಯವಾದದ್ದು. ಆದರೆ ವಿಳಾಸ ಬರೆದಿದ್ದರೂ ಅದೇ ನಿಜ ಅನ್ನಲಾಗುವುದಿಲ್ಲ. ಮೇಲೆ ಒಂದು ವಿಳಾಸ ಬರೆದು ಒಳಗೆ ಇನ್ನೊಂದನ್ನು ಇಡಬಹುದು. ಫಾರಂನ ವಿಳಾಸವಂತೂ ಉದ್ದಕ್ಕೆ ಅರ್ಥವಿಲ್ಲದ ಅಕ್ಷರಗಳು, ಕಣ್ಣಿರುವವರೂ ಅದನ್ನು ನೋಡಿ ಸರಿಯೋ ತಪ್ಪೋ ಹೇಳಲಾರರು. ಅದನ್ನು ಪುಟ್ಟದು ಮಾಡುವ ಸೇವೆಗಳ ಲಿಂಕ್ ಇನ್ನೂ ಕೆಟ್ಟದ್ದು, ಎಲ್ಲಿಗೆ ಹೋಗುತ್ತದೆ ಅನ್ನುವ ಸುಳಿವೇ ಇರುವುದಿಲ್ಲ.

ನಿವೃತ್ತ ಮ್ಯಾನೇಜರ್

ಒಪ್ಪುತ್ತೇನೆ. ಹಾಗಿದ್ದರೂ ಲಿಂಕ್‌ನ ಹೆಸರಿನ ಪಕ್ಕದಲ್ಲಿ ತಾಣದ ಹೆಸರಾದರೂ ಇರಲಿ. ‘ಹೆಸರು ಕೊಡುವ ಫಾರಂ, ಗೂಗಲ್ ಫಾರ್ಮ್ಸ್‌ನಲ್ಲಿ’ ಅಂತ. ಒತ್ತಿದ ಮೇಲೆ ಬೇರೇನಾದರೂ ತೆರೆದರೆ ಅನುಮಾನ ಬರಬೇಕು. ಫೋನ್ ಮಾಡಿ ಹೆಸರು ಕೊಡುವ ದಾರಿಯೂ ಇರಲೇಬೇಕು.

ಅಬ್ಬಲಿಗೆ

ಫೋನ್ ನಂಬರ್ ಪತ್ರದಲ್ಲಿ ಅಂಕಿಯಾಗಿಯೇ ಇರಲಿ, ಚಿತ್ರದೊಳಗೆ ಬೇಡ. ಅಂಕಿಯಾಗಿದ್ದರೆ ಒತ್ತಿದ ಕೂಡಲೇ ಕರೆ ಹೋಗುತ್ತದೆ. ಚಿತ್ರದಲ್ಲಿದ್ದರೆ ನೆಲದ ಮೇಲೆ ಇದ್ದಿಲಲ್ಲಿ ಬರೆದುಕೊಳ್ಳಬೇಕು.

ತುಂಗಾತೀರ

ಮೇಷ್ಟ್ರು ಕೇಳಿದ ‘ಏಳು ಯಾಕೆ’ ಅನ್ನುವುದು ಎರಡು ದಿನ ತಲೆಯಲ್ಲೇ ಇತ್ತು. ಒಂದೊಂದನ್ನೇ ನೋಡಿದೆ. ವೇಳಾಪಟ್ಟಿಯ ಲಿಂಕ್ ಬೇಡ, ಅದನ್ನು ಪತ್ರದಲ್ಲೇ ಬರೆಯಬಹುದು. ಮೈಲುತುತ್ತದ ದರಪಟ್ಟಿ ಈ ಪತ್ರದ ವಿಷಯವೇ ಅಲ್ಲ, ಬೇರೆ ಪತ್ರ ಕಳಿಸಬಹುದು. ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಇದ್ದಾರೆ. ಸಂಘದ ಜಾಲತಾಣದ ಲಿಂಕ್ ಅಭ್ಯಾಸದಿಂದ ಹಾಕುತ್ತಿದ್ದುದು. ಉಳಿದದ್ದು ಮೂರು. ಈಗ ಪತ್ರ ಹೀಗಿದೆ, ಲಿಂಕ್ ಇರುವ ಸಾಲುಗಳಿಗೆ ಅಡಿಗೆರೆ ಇದೆ ಅಂತ ತಿಳಿಯಿರಿ:

> ವಿಷಯ: ಬೋರ್ಡೋ ತರಬೇತಿ, ಮೇ 20ರೊಳಗೆ ಹೆಸರು ಕೊಡಿ
>
> ನಮಸ್ಕಾರ. ಈ ಪತ್ರದಲ್ಲಿ ಎರಡು ವಿಷಯವಿದೆ: ಬೋರ್ಡೋ ತರಬೇತಿ ಮತ್ತು ಕಳೆದ ಸಭೆಯ ನಡಾವಳಿ.
>
> ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವುದನ್ನು ಮೂರು ಊರಿನಲ್ಲಿ ಮಾಡಿ ತೋರಿಸುತ್ತೇವೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೇಕು. ಸಾಮಾನು ಸಂಘದಿಂದಲೇ ತರುತ್ತೇವೆ.
>
> ಕೋಣಂದೂರು: ಮೇ 24, ಬೆಳಿಗ್ಗೆ 10 ಗಂಟೆ, ಗೋದಾಮಿನ ಅಂಗಳ.
>
> ಆರಗ: ಮೇ 25, ಬೆಳಿಗ್ಗೆ 10 ಗಂಟೆ, ಶಾಲೆಯ ಬಯಲು.
>
> ಮೇಗರವಳ್ಳಿ: ಮೇ 26, ಮಧ್ಯಾಹ್ನ 2 ಗಂಟೆ, ಸಮುದಾಯ ಭವನ.
>
> ಬೋರ್ಡೋ ತರಬೇತಿಗೆ ಹೆಸರು ಕೊಡುವ ಫಾರಂ, ಗೂಗಲ್ ಫಾರ್ಮ್ಸ್
>
> ಮ್ಯಾಪ್: ಕೋಣಂದೂರಿನ ಗೋದಾಮು
>
> ಫಾರಂ ಬೇಡ ಅನ್ನುವವರು ಈ ಪತ್ರಕ್ಕೆ ಉತ್ತರವಾಗಿ ಹೆಸರು ಮತ್ತು ಊರು ಬರೆದರೂ ಸಾಕು, ಆಫೀಸಿಗೆ ಫೋನ್ ಮಾಡಿದರೂ ಸಾಕು.
>
> ನಡಾವಳಿ: ಕಳೆದ ಸಭೆ, ನಾಲ್ಕು ಪುಟದ ಪಿಡಿಎಫ್

ಕೊನೆಯಲ್ಲಿ ಆಫೀಸಿನ ನಂಬರ್ ಅಂಕಿಯಾಗಿಯೇ ಇದೆ. ವೇಳಾಪಟ್ಟಿಯಲ್ಲಿದ್ದ ಟೇಬಲ್‌ನ ನಾಲ್ಕು ಕಂಬವೂ ಈ ಮೂರು ಸಾಲಿನಲ್ಲಿ ಬಂದಿದೆ, ಊರ ಹೆಸರು ಮೊದಲು ಬರುವುದರಿಂದ ಅವರವರ ಊರು ಕೇಳಿದ ಕೂಡಲೇ ಉಳಿದದ್ದು ಹಿಂದೆಯೇ ಸಿಗುತ್ತದೆ.

ನಿನ್ನೆ ರಾತ್ರಿ ನಾನೇ ಟಾಕ್‌ಬ್ಯಾಕ್ ಹಾಕಿ, ಫೋನನ್ನು ಟವೆಲ್ ಕೆಳಗಿಟ್ಟು ಕೇಳಿದೆ. ಹಳೇ ಪತ್ರದಲ್ಲಿ ಮೊದಲು ಬಂದದ್ದು "ಚಿತ್ರ" ಅನ್ನುವ ಒಂದೇ ಪದ, ಆಮೇಲೆ ಸುಮ್ಮನಾಯಿತು. ಅದೇ ನಮ್ಮ ಇಡೀ ನೋಟಿಸು. ಹೊಸ ಪತ್ರದಲ್ಲಿ ಫಾರಂ ಸಿಗುವುದಕ್ಕೆ ಲಿಂಕ್ ಹಾರಿಕೆಯಲ್ಲಿ ಒಂದು ಸಲ ಬೆರಳು ಎಳೆದರೆ ಸಾಕಾಯಿತು.

ಹೊಸನಗರದ ಮೇಷ್ಟ್ರು

ನೀವೇ ಕೇಳಿ ನೋಡಿದಿರಲ್ಲ, ಅದು ನನಗೆ ತುಂಬ ಸಂತೋಷ ಕೊಟ್ಟಿತು. ವಿಷಯದ ಸಾಲಿನಲ್ಲಿ ‘ಬೋರ್ಡೋ ತರಬೇತಿ’ ಮೊದಲು ಬಂದದ್ದೂ ಸರಿ. ಸಣ್ಣ ಫೋನಿನಲ್ಲಿ ಅದರ ಮೊದಲ ಕೆಲವು ಪದ ಮಾತ್ರ ಕಾಣುವುದು. ಪಿಡಿಎಫ್ ಅಂತಲೂ, ಎಷ್ಟು ಪುಟ ಅಂತಲೂ ಲಿಂಕ್‌ನಲ್ಲೇ ಹೇಳಿದ್ದೀರಿ, ಒತ್ತುವ ಮುಂಚೆಯೇ ಗೊತ್ತಾಗುತ್ತದೆ. ಆದರೆ ಆ ನಡಾವಳಿ ಸ್ಕ್ಯಾನ್ ಮಾಡಿದ್ದೋ, ಟೈಪ್ ಮಾಡಿದ್ದೋ?

ತುಂಗಾತೀರ

ಸ್ಕ್ಯಾನ್. ಸಹಿ ಇರುವ ಪುಸ್ತಕದ ಪುಟಗಳು. ಕೈಬರಹ.

ಹೊಸನಗರದ ಮೇಷ್ಟ್ರು

ಹಾಗಾದರೆ ಅದು ಮತ್ತೆ ಫೋಟೋನೇ, ಲಿಂಕ್‌ನ ಹೆಸರು ಎಷ್ಟು ಚೆನ್ನಾಗಿದ್ದರೂ ಒಳಗೆ ಹೋದರೆ ಮೌನ. ತೀರ್ಮಾನಗಳನ್ನಾದರೂ ನಾಲ್ಕು ಸಾಲಿನಲ್ಲಿ ಪತ್ರದಲ್ಲೇ ಬರೆಯಬಹುದೇ?

ನಿವೃತ್ತ ಮ್ಯಾನೇಜರ್

ಸಹಿ ಮಾಡಿದ ನಡಾವಳಿಯೇ ದಾಖಲೆ. ಅದರ ಸಾರಾಂಶ ಬರೆದು ಕಳಿಸಿದರೆ ನಾಳೆ ಸಭೆಯಲ್ಲಿ ‘ಹೀಗೆ ಹೇಳಿರಲಿಲ್ಲ’ ಅಂತ ಜಗಳ ಬರುತ್ತದೆ. ಅಧ್ಯಕ್ಷರ ಒಪ್ಪಿಗೆ ಇಲ್ಲದೆ ಬೇಡ.

ತುಂಗಾತೀರ

ಅದನ್ನು ಭಾನುವಾರದ ಕಮಿಟಿಯಲ್ಲಿ ಕೇಳುತ್ತೇನೆ, ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಅಲ್ಲಿಯ ತನಕ ಆ ಲಿಂಕ್‌ನಲ್ಲಿ ‘ಕೈಬರಹದ ಸ್ಕ್ಯಾನ್ ಪ್ರತಿ’ ಅಂತ ಸೇರಿಸುತ್ತೇನೆ, ಒಳಗೆ ಹೋಗಿ ಹುಡುಕುವ ತೊಂದರೆಯಾದರೂ ತಪ್ಪಲಿ.

ಬೆಳಿಗ್ಗೆ ಆ ಹಿರಿಯರಿಗೆ ಮೊದಲು ಕಳಿಸಿದೆ. ಹತ್ತು ನಿಮಿಷದಲ್ಲಿ ಫಾರಂನಲ್ಲಿ ಅವರ ಹೆಸರು ಬಂತು. ಮೇಗರವಳ್ಳಿ, ಇಬ್ಬರು ಬರುತ್ತೇವೆ ಅಂತ ಬರೆದಿದ್ದಾರೆ. ಆಮೇಲೆ ಫೋನ್ ಮಾಡಿ, ಫಾರಂನಲ್ಲಿ ಊರು ಆರಿಸುವ ಜಾಗದಲ್ಲಿ ‘ಕೋಣ೦ದೂರು’ ಅನ್ನುವಲ್ಲಿ ಸೊನ್ನೆ ಓದುತ್ತಿದೆ, ನೋಡಿ ಅಂದರು. ಅದನ್ನು ಈಗ ತಿದ್ದುತ್ತಿದ್ದೇನೆ. ಉಳಿದ 139 ಜನಕ್ಕೆ ಸಂಜೆ ಹೋಗುತ್ತದೆ.